ಬಿಳಿ ಪಂಚೆಯ ಮೇಲೆ ನೀಲಿ ಮಚ್ಚೆ: ತಪ್ಪು ಎಲ್ಲಾಯಿತು, ಬಿಡಿಸುವುದು ಹೇಗೆ

ಬಿಳಿ ಪಂಚೆಗೆ ನೀಲಿ ಹಾಕಿ ತಂತಿಯ ಮೇಲೆ ಹರಡಿದಾಗ ಅಲ್ಲಲ್ಲಿ ನೀಲಿ ಮಚ್ಚೆ ಕಂಡರೆ ಹೆಚ್ಚಿನವರ ಕೈ ಮೊದಲು ಹೋಗುವುದು ಬ್ಲೀಚಿನ ಕಡೆಗೆ. ಅದಕ್ಕೂ ಮುಂಚೆ ಮಚ್ಚೆಯನ್ನು ಒಮ್ಮೆ ಸರಿಯಾಗಿ ನೋಡಿ. ಅದರ ಆಕಾರ, ಅದು ಬಟ್ಟೆಯ ಯಾವ ಭಾಗದಲ್ಲಿದೆ, ಎಷ್ಟೆಷ್ಟು ದೂರಕ್ಕೆ ಮತ್ತೆ ಮತ್ತೆ ಬಂದಿದೆ ಎಂಬುದನ್ನು ಗಮನಿಸಿದರೆ ತಪ್ಪು ಯಾವ ಹಂತದಲ್ಲಾಯಿತೆಂದು ತಿಳಿಯುತ್ತದೆ. ಬಳಸಿದ ನೀಲಿ ಯಾವ ಬಗೆಯದು ಎಂಬುದೂ ಗೊತ್ತಿರಬೇಕು. ಒಂದು ನೀಲಿಯನ್ನು ಬಿಡಿಸುವ ಮದ್ದು ಇನ್ನೊಂದನ್ನು ಅಲುಗಾಡಿಸುವುದೂ ಇಲ್ಲ, ಮತ್ತೊಂದನ್ನು ಕಂದು ಕಲೆಯಾಗಿಸಿ ಕೂರಿಸಿಬಿಡುತ್ತದೆ.

ನೀಲಿ ಹಾಕಿದರೆ ಬೆಳ್ಳಗೆ ಕಾಣುವುದೇಕೆ

ಹತ್ತಿ ಬಟ್ಟೆ ಬಳಸುತ್ತ ಹೋದಂತೆ ಹಳದಿಗಟ್ಟುತ್ತದೆ. ಮೈಯ ಜಿಡ್ಡು, ಪೂರ್ತಿ ಹೋಗದೆ ಉಳಿದ ಸೋಪು, ಬೋರ್‌ವೆಲ್ ನೀರಿನ ಕಬ್ಬಿಣದ ಅಂಶ, ಗಾಳಿ ಬಿಸಿಲಿಗೆ ನೂಲೇ ಮಾಗುವುದು, ಇವೆಲ್ಲ ಸೇರಿ ಆಗುವ ಕೆಲಸವದು. ಹಳದಿ ಕಾಣುತ್ತದೆ ಎಂದರೆ ಬಟ್ಟೆಯು ಬೆಳಕಿನಲ್ಲಿರುವ ನೀಲಿಯ ಪಾಲನ್ನು ಹೀರಿಕೊಂಡು ಉಳಿದ ಬಣ್ಣಗಳನ್ನು ನಮ್ಮ ಕಣ್ಣಿಗೆ ಹಿಂದಿರುಗಿಸುತ್ತಿದೆ ಎಂದರ್ಥ.

ಲೆಕ್ಕ ಹಿಡಿದು ನೋಡಿದರೆ ಇದು ಸುಲಭವಾಗುತ್ತದೆ. ಅಂಕಿಗಳು ತಿಳಿವಳಿಕೆಗಾಗಿ ಮಾತ್ರ. ಒಂದು ಹಳೆಯ ಪಂಚೆಯು ತನ್ನ ಮೇಲೆ ಬಿದ್ದ ಕೆಂಪು ಮತ್ತು ಹಳದಿ ಬೆಳಕಿನಲ್ಲಿ ನೂರಕ್ಕೆ 85 ಪಾಲು ಹಿಂದಿರುಗಿಸುತ್ತದೆ, ನೀಲಿಯಲ್ಲಿ 75 ಪಾಲು ಮಾತ್ರ ಎಂದುಕೊಳ್ಳಿ. ಆ ಹತ್ತರ ಕೊರತೆಯೇ ಹಳದಿ ಛಾಯೆ. ನೀಲಿ ಹಾಕಿದಾಗ ಕಡಿಮೆಯಾದ 75 ಮೇಲೇರುವುದಿಲ್ಲ. ನೀಲಿ ಬಣ್ಣವು ಹಳದಿ ಕೆಂಪು ಬೆಳಕನ್ನು ತಾನು ನುಂಗಿಕೊಂಡು ಆ 85 ಅನ್ನು 77ರ ಹತ್ತಿರಕ್ಕೆ ಇಳಿಸುತ್ತದೆ. ಎರಡೂ ಪಾಲು ಸಮಸಮಕ್ಕೆ ಬಂದಾಗ ಹಳದಿ ಮಾಯವಾಗುತ್ತದೆ. ಬಟ್ಟೆಯಿಂದ ಹೊರಡುವ ಒಟ್ಟು ಬೆಳಕು ಮೊದಲಿಗಿಂತ ಕಡಿಮೆಯೇ ಆಗಿದ್ದರೂ, ತುಸು ನೀಲಿಯತ್ತ ವಾಲಿದ ಬಿಳಿಯನ್ನೇ ನಮ್ಮ ಕಣ್ಣು ಅಚ್ಚ ಬಿಳಿ ಎಂದು ಒಪ್ಪಿಕೊಳ್ಳುತ್ತದೆ.

ನೀಲಿ ಹೆಚ್ಚಾದರೆ ಕೆಡುವುದು ಏಕೆ ಎಂಬುದಕ್ಕೂ ಉತ್ತರ ಇದೇ ಲೆಕ್ಕದಲ್ಲಿದೆ. 85 ಎಂಬುದು 77ಕ್ಕೆ ನಿಲ್ಲದೆ 65ಕ್ಕೆ ಇಳಿದರೆ ಈಗ ಹಳದಿಯದೇ ಕೊರತೆ. ಬಟ್ಟೆ ನೀಲಿಯಾಗಿ ಕಾಣುತ್ತದೆ, ಬೆಳಕು ಕಡಿಮೆಯಾದ್ದರಿಂದ ಮಂಕೂ ಆಗುತ್ತದೆ. ವಾರವಾರವೂ ನೀಲಿಗೆ ಅದ್ದಿದ ಪಂಚೆ ಕೊನೆಗೆ ಬೂದಿ ಬಣ್ಣಕ್ಕೆ ತಿರುಗುವುದು ಹೀಗೆಯೇ. ಬೆಳ್ಳಗೆ ಕಾಣುವ ಅಳತೆಗೂ ನೀಲಿಯಾಗಿ ಕಾಣುವ ಅಳತೆಗೂ ನಡುವೆ ಇರುವ ಜಾಗ ಬಹಳ ಕಿರಿದು. ಇಡೀ ಬಟ್ಟೆಗೆ ಸಮನಾಗಿ ಹರಡಬೇಕಾದ ನೀಲಿ ಅಂಗೈಯಗಲ ಜಾಗದಲ್ಲಿ ಸೇರಿಕೊಂಡರೆ ಆ ಜಾಗ ಗೆರೆ ದಾಟುತ್ತದೆ. ಮಚ್ಚೆ ಎಂದರೆ ಅಷ್ಟೇ.

ಡಿಟರ್ಜೆಂಟ್ ಪುಡಿಗಳಲ್ಲಿ ಬೆರೆತಿರುವ, ಟಿನೋಪಾಲ್ ಎಂದು ಮನೆಮನೆಗೂ ಪರಿಚಿತವಾದ ಬೆಳಗು ಪದಾರ್ಥದ ದಾರಿ ಬೇರೆ. ಅದು ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಹೀರಿ ಅದನ್ನೇ ನೀಲಿ ಬೆಳಕಾಗಿ ಹೊರಬಿಡುತ್ತದೆ. ಅಂದರೆ 75 ಅನ್ನೇ ಮೇಲೆತ್ತುತ್ತದೆ. ಅಂಥ ಪುಡಿಯಲ್ಲಿ ಒಗೆದ ಹೊಸ ಬಟ್ಟೆಗೆ ನೀಲಿಯ ಅಗತ್ಯವೇ ಬೀಳುವುದಿಲ್ಲ.

ನಿಮ್ಮ ಕೈಯಲ್ಲಿರುವ ನೀಲಿ ಯಾವುದು

ಪುಡಿ ಅಥವಾ ಬಿಲ್ಲೆಯ ರೂಪದ ಹಳೆಯ ಬಟ್ಟೆ ನೀಲಿ ಸಾಮಾನ್ಯವಾಗಿ ಅಲ್ಟ್ರಾಮರೀನ್. ಒಂದು ಕಾಲಕ್ಕೆ ಇದನ್ನು ಲಾಜವರ್ದ ಕಲ್ಲನ್ನು ಅರೆದು ತೆಗೆಯುತ್ತಿದ್ದರು, ಚಿನ್ನದಂತೆ ದುಬಾರಿಯಾಗಿತ್ತು. 1820ರ ದಶಕದ ಕೊನೆಗೆ ಫ್ರಾನ್ಸ್ ಮತ್ತು ಜರ್ಮನಿಯಲ್ಲಿ ಕೃತಕವಾಗಿ ತಯಾರಿಸುವ ವಿಧಾನ ಸಿಕ್ಕ ಮೇಲೆಯೇ ಇದು ಬಟ್ಟೆ ಒಗೆಯುವ ಕಲ್ಲಿನ ತನಕ ಬಂದದ್ದು. ಇದು ನೀರಿನಲ್ಲಿ ಕರಗುವುದೇ ಇಲ್ಲ. ನುಣ್ಣನೆಯ ಕಣಗಳಾಗಿ ತೇಲುತ್ತದೆ, ಕದಡದೆ ಬಿಟ್ಟರೆ ಬಕೆಟಿನ ತಳ ಸೇರುತ್ತದೆ. ಸೋಡಾಕ್ಕೆ ಜಗ್ಗದು, ಆದರೆ ಹುಳಿ ತಾಗಿದರೆ ಒಡೆದು ಬಣ್ಣ ಕಳೆದುಕೊಳ್ಳುತ್ತದೆ.

ಬಾಟಲಿಯಲ್ಲಿ ಬರುವ ದ್ರವ ನೀಲಿ ಹೆಚ್ಚಾಗಿ ನೇರಳೆ ಮಿಶ್ರಿತ ಕೃತಕ ಬಣ್ಣ. ಇದು ನೀರಿನಲ್ಲಿ ಪೂರ್ತಿ ಕರಗುತ್ತದೆ, ಹತ್ತಿಯ ನೂಲಿಗೆ ಗಟ್ಟಿಯಾಗಿ ಅಂಟುವ ಗುಣ ಇದಕ್ಕಿಲ್ಲ. ಒಗೆದಂತೆಲ್ಲ ಬಿಡುತ್ತದೆ, ಬಿಸಿಲಿಗೂ ಮಾಸುತ್ತದೆ. ಮಚ್ಚೆ ಬಿಡಿಸಬೇಕಾದವರಿಗೆ ಇದೊಂದು ಸಮಾಧಾನ.

ಮೂರನೆಯದು ಪ್ರಷ್ಯನ್ ನೀಲಿ ಎಂಬ ಕಬ್ಬಿಣದ ಸಂಯುಕ್ತ. ಇದರ ಸ್ವಭಾವ ಅಲ್ಟ್ರಾಮರೀನಿಗೆ ತದ್ವಿರುದ್ಧ. ಹುಳಿಗೆ ಏನೂ ಆಗದು, ಸೋಡಾ ಅಥವಾ ಸೋಪು ತಾಗಿದರೆ ಒಡೆದು ತುಕ್ಕಿನ ಬಣ್ಣ ಉಳಿಸುತ್ತದೆ.

ಪೊಟ್ಟಣ ಕೈಲಿಲ್ಲದಿದ್ದರೆ ಮಚ್ಚೆಯ ಒಂದು ತುದಿಯಲ್ಲೇ ಪರೀಕ್ಷೆ ಮಾಡಬಹುದು. ಮೊದಲು ಬಿಳಿ ಬಟ್ಟೆಯ ತುಂಡೊಂದನ್ನು ಒದ್ದೆ ಮಾಡಿ ಮಚ್ಚೆಯ ಮೇಲೆ ಒತ್ತಿ ಹಿಡಿಯಿರಿ. ತುಂಡಿಗೆ ನೇರಳೆ ಛಾಯೆಯ ಬಣ್ಣ ಸಮನಾಗಿ ಹತ್ತಿದರೆ ದ್ರವ ನೀಲಿ. ಬಣ್ಣ ಹತ್ತದೆ, ಬೆರಳಲ್ಲಿ ಉಜ್ಜಿದಾಗ ಚುಕ್ಕಿ ಎಳೆದು ಗೀಟಾದರೆ ಪುಡಿ ನೀಲಿಯ ಕಣ. ಆಮೇಲೆ ಒಂದು ತೊಟ್ಟು ಬಿಳಿ ವಿನೆಗರ್ ಬಿಟ್ಟು ಹತ್ತು ಹದಿನೈದು ನಿಮಿಷ ಕಾಯಿರಿ. ಬಣ್ಣ ಕುಂದಿದರೆ ಅಲ್ಟ್ರಾಮರೀನ್ ಎಂಬುದು ಖಾತ್ರಿ. ಇನ್ನೊಂದು ತುದಿಗೆ ಒಗೆಯುವ ಸೋಡಾ ಕದಡಿದ ನೀರಿನ ತೊಟ್ಟು ಬಿಟ್ಟಾಗ ಕಂದು ಛಾಯೆ ಬಂದರೆ ಪ್ರಷ್ಯನ್ ನೀಲಿ.

ಮಚ್ಚೆಯ ಆಕಾರದಿಂದ ತಪ್ಪಿನ ಜಾಗ ಹಿಡಿಯುವುದು

ಇದನ್ನು ಒಂದು ಉದಾಹರಣೆಯಿಂದಲೇ ಹೇಳುತ್ತೇನೆ. ಪರಿಚಯದವರೊಬ್ಬರ ಮನೆಯಲ್ಲಿ ಹಬ್ಬಕ್ಕೆಂದು ಎರಡು ಪಂಚೆ, ಒಂದು ಅರ್ಧ ತೋಳಿನ ಹತ್ತಿ ಅಂಗಿಯನ್ನು ಒಂದೇ ಬಕೆಟಿನಲ್ಲಿ ದ್ರವ ನೀಲಿಗೆ ಅದ್ದಿ ಒಣಹಾಕಿದ್ದರು. ಮೂರೂ ಕೆಟ್ಟಿದ್ದವು. ನೀಲಿ ಜಾಸ್ತಿಯಾಯಿತು ಎಂದು ಅವರು ಬಿಟ್ಟಿದ್ದರು. ಬಟ್ಟೆಗಳನ್ನು ಹರಡಿ ನೋಡಿದಾಗ ಮೂರರ ಕಥೆಯೂ ಬೇರೆ ಬೇರೆ.

ಮೊದಲ ಪಂಚೆಯಲ್ಲಿ ನಾಲ್ಕು ದುಂಡು ಮಚ್ಚೆಗಳಿದ್ದವು. ಒಂದು ಗಾಢ, ಮುಂದಿನದು ಅದಕ್ಕಿಂತ ತಿಳಿ, ನಾಲ್ಕನೆಯದು ಕಂಡೂ ಕಾಣದಷ್ಟು. ಹಳೆಯ ಮಡಿಕೆಯ ಗೆರೆಗಳ ಮೇಲೆಯೇ ಪಂಚೆಯನ್ನು ಮತ್ತೆ ಮಡಿಸಿದರೆ ನಾಲ್ಕೂ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂತವು. ಅಂದರೆ ಮಡಿಕೆ ಬಿಚ್ಚದ ಪಂಚೆಯ ಮೇಲೆ ಗಟ್ಟಿ ನೀಲಿಯ ಹನಿ ನೇರವಾಗಿ ಬಿದ್ದು ನಾಲ್ಕು ಪದರ ಇಳಿದಿದೆ. ಗಾಢ ಮಚ್ಚೆ ಇರುವುದೇ ಮೇಲಿನ ಪದರ. ಕೇಳಿದಾಗ ಹೌದು, ಬಟ್ಟೆ ಬಕೆಟಿಗೆ ಹಾಕಿದ ಮೇಲೆ ನೀಲಿ ಸಾಲದು ಎನಿಸಿ ಬಾಟಲಿಯಿಂದ ಇನ್ನೊಂದಿಷ್ಟು ಹನಿಸಿದ್ದರು. ಮಡಿಸಿ ನೋಡುವ ಈ ಪರೀಕ್ಷೆ ಬಹಳ ನಂಬಿಕೆಯದು. ಮಚ್ಚೆಗಳು ಒಂದರ ಮೇಲೊಂದು ಕೂರದೆ ಅಡ್ಡಾದಿಡ್ಡಿ ಹರಡಿದ್ದರೆ ಹನಿ ಬಿದ್ದದ್ದಲ್ಲ. ಬಟ್ಟೆ ಅಲ್ಲಲ್ಲಿ ಒಣಗಿದ್ದಾಗಲೇ ನೀಲಿಗೆ ಇಳಿದಿದೆ. ಒಣ ಹತ್ತಿ ನೀರನ್ನು ರಭಸದಿಂದ ಎಳೆದುಕೊಳ್ಳುತ್ತದೆ, ಜೊತೆಗೆ ಬಣ್ಣವನ್ನೂ. ಮೊದಲೇ ನೆನೆದ ಜಾಗಕ್ಕೆ ಆ ಹಸಿವಿಲ್ಲ.

ಎರಡನೆಯ ಪಂಚೆಯಲ್ಲಿ ಮಚ್ಚೆಯೇ ಇರಲಿಲ್ಲ. ಒಂದು ಅಂಚಿನುದ್ದಕ್ಕೂ ಬೆರಳಗಲದ ನೀಲಿ ಪಟ್ಟೆ, ಮೇಲೆ ಹೋದಂತೆ ತಿಳಿಯಾಗುತ್ತಿತ್ತು. ಇಲ್ಲಿ ಅದ್ದಿದ್ದು ಸರಿಯೇ ಇದೆ, ಕೆಟ್ಟದ್ದು ಒಣಹಾಕುವಾಗ. ಸರಿಯಾಗಿ ಹಿಂಡದ ಪಂಚೆಯಲ್ಲಿ ನೀರು ಕೆಳಗಿಳಿದು ಅಂಚಿನಲ್ಲಿ ನಿಲ್ಲುತ್ತದೆ, ಅಲ್ಲಿಂದಲೇ ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ. ಅದು ಹೊತ್ತು ತಂದ ಬಣ್ಣ ಅಲ್ಲೇ ಉಳಿಯುತ್ತದೆ. ತಂತಿಯ ಮೇಲೆ ಎರಡು ಪದರವಾಗಿ ಇಳಿಬಿಟ್ಟಿದ್ದರಿಂದ ಒಣಗುವುದೂ ನಿಧಾನವಾಗಿ, ಬಣ್ಣ ಇಳಿಯಲು ಸಾಕಷ್ಟು ಹೊತ್ತು ಸಿಕ್ಕಿತ್ತು.

ಅಂಗಿಯದು ಮತ್ತೊಂದು. ಮೈಭಾಗ ಚೆನ್ನಾಗಿ ಬೆಳ್ಳಗಿತ್ತು. ಕಾಲರ್, ಗುಂಡಿಯ ಪಟ್ಟಿ, ಜೇಬಿನ ಹೊಲಿಗೆ ಮಾತ್ರ ನೀಲಿ. ಬಟ್ಟೆ ದಪ್ಪವಾಗಿರುವ ಜಾಗಗಳೇ ಇವೆಲ್ಲ. ಕಾಲರಿನ ಒಳಗೆ ಇನ್ನೊಂದು ಪದರ ಕೂತಿರುವುದರಿಂದ ಎರಡು ಸಲ ಜಾಲಿಸಿದರೆ ಅಲ್ಲಿನ ಸೋಪು ಹೋಗುವುದಿಲ್ಲ. ಗಡಸು ನೀರಾದರೆ ಸೋಪು ಸುಣ್ಣದಂಶದೊಂದಿಗೆ ಸೇರಿ ಜಿಗುಟು ಕೊಳೆಯಾಗಿ ನೂಲಿಗೆ ಹತ್ತುತ್ತದೆ, ನೀಲಿ ಬಂದು ಆ ಜಿಗುಟಿಗೆ ಸಿಕ್ಕಿಕೊಳ್ಳುತ್ತದೆ. ಗಂಜಿಯೂ ಹೀಗೆಯೇ ಮಾಡುತ್ತದೆ. ಸೋಸದ ಗಂಜಿಯ ಗಂಟು ಎಲ್ಲಿ ಅಂಟುತ್ತದೋ ಅಲ್ಲೊಂದು ನೀಲಿ ಮಚ್ಚೆ ಏಳುತ್ತದೆ. ಉಗುರಿನಿಂದ ಕೆರೆದರೆ ಹೊಟ್ಟಿನಂತೆ ಉದುರುವುದು ಅದರ ಗುರುತು.

ಪುಡಿ ನೀಲಿಯಲ್ಲಿ ಇನ್ನೆರಡು ಗುರುತುಗಳು ಸಿಗುತ್ತವೆ. ಸಾಸಿವೆಗಿಂತ ಚಿಕ್ಕ ಗಾಢ ಚುಕ್ಕಿಗಳಿದ್ದರೆ ಪುಡಿಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಹಿಂಡದೆ ನೇರವಾಗಿ ನೀರಿಗೆ ಸುರಿದಿದ್ದಾರೆ. ಮಡಿಕೆಯ ಹಳ್ಳಗಳಲ್ಲಿ ಮೋಡದಂತೆ ನೀಲಿ ಕೂತಿದ್ದರೆ ಬಟ್ಟೆಯನ್ನು ನೀಲಿ ನೀರಿನಲ್ಲಿ ಅಲುಗಾಡಿಸದೆ ನೆನೆಯಲು ಬಿಟ್ಟಿದ್ದಾರೆ, ಕಣಗಳು ನಿಧಾನವಾಗಿ ಇಳಿದು ಅಲ್ಲೇ ನೆಲೆಸಿವೆ.

ಬಿಡಿಸುವ ಕೆಲಸ

ಮಚ್ಚೆ ಕಂಡ ಬಟ್ಟೆಗೆ ಇಸ್ತ್ರಿ ಹಾಕಬೇಡಿ. ಮಚ್ಚೆಯ ಜಾಗವೊಂದನ್ನೇ ತಿಕ್ಕಲೂ ಬೇಡಿ. ಸುತ್ತ ಒಂದು ಬಳೆಯ ಗುರುತು ಉಳಿಯುತ್ತದೆ. ಇಡೀ ಬಟ್ಟೆಯನ್ನೇ ನೆನೆಸಬೇಕು.

ಮೇಲಿನ ಮೂರೂ ದ್ರವ ನೀಲಿಯ ಪ್ರಕರಣಗಳು. ಪಂಚೆಗಳನ್ನು ಮೊದಲು ಧಾರಾಳ ತಣ್ಣೀರಿನಲ್ಲಿ, ನೀರು ಬಣ್ಣ ಬಿಡುವುದು ನಿಲ್ಲುವ ತನಕ ಜಾಲಿಸಲಾಯಿತು. ಗಾಢ ಮಚ್ಚೆಯ ಅರ್ಧ ಬಣ್ಣ ಇಲ್ಲೇ ಹೋಗುತ್ತದೆ. ಆಮೇಲೆ ಕೈ ತಾಳುವಷ್ಟು ಬಿಸಿ ನೀರಿಗೆ ಡಿಟರ್ಜೆಂಟ್ ಹಾಕಿ ಒಂದು ಗಂಟೆ ನೆನೆಸಿ, ನಡುನಡುವೆ ತಿರುವಿ, ಜಾಲಿಸಿ ಒದ್ದೆಯಾಗಿಯೇ ಬಿಸಿಲಿಗೆ ಹರಡಿದ್ದಾಯಿತು. ಪಟ್ಟೆಯಿದ್ದ ಪಂಚೆ ಅಷ್ಟಕ್ಕೇ ಸರಿಹೋಯಿತು. ಹನಿ ಬಿದ್ದ ಪಂಚೆಯಲ್ಲಿ ಮೇಲಿನ ಪದರದ ಮಚ್ಚೆ ತಿಳಿಯಾಗಿ ಉಳಿದಿತ್ತು. ಅದಕ್ಕೆ ಬಿಸಿ ನೀರಿನಲ್ಲಿ ಕದಡಿದ ಆಕ್ಸಿಜನ್ ಬ್ಲೀಚಿನಲ್ಲಿ ಕೆಲವು ಗಂಟೆ ನೆನೆಸಿ ಮತ್ತೆ ಬಿಸಿಲು ತೋರಿಸಬೇಕಾಯಿತು. ಅಂಗಿಗೆ ಬೇಕಾದದ್ದು ಸೋಪು ಬಿಡಿಸುವ ಕೆಲಸ. ಬಿಸಿ ಡಿಟರ್ಜೆಂಟ್ ನೀರಿನಲ್ಲಿ ನೆನೆಸಿ, ಕಾಲರನ್ನು ಮೆತ್ತನೆ ಬ್ರಷ್‌ನಿಂದ ಎರಡೂ ಬದಿ ಉಜ್ಜಿ, ಕಾಲರ್ ಅದ್ದಿ ಕುಲುಕಿದ ನೀರಿನಲ್ಲಿ ನೊರೆ ಏಳದಿರುವ ತನಕ ಜಾಲಿಸಿದ ಮೇಲೆ ನೀಲಿಯೂ ಅದರೊಂದಿಗೇ ಹೊರಟುಹೋಯಿತು.

ಅಲ್ಟ್ರಾಮರೀನ್ ಆದರೆ ದಾರಿ ಬೇರೆ. ಒಣಗಿದ ಬಟ್ಟೆಯನ್ನು ಮೊದಲು ಚೆನ್ನಾಗಿ ಒದರಿ. ಸಡಿಲ ಕಣಗಳು ಉದುರಲಿ. ಹರಿಯುವ ನೀರಿನಲ್ಲಿ ಜಾಲಿಸಿ, ಡಿಟರ್ಜೆಂಟ್‌ನಲ್ಲಿ ಒಗೆದು, ಸೋಪು ಪೂರ್ತಿ ಬಿಡಿಸಿ. ಆಮೇಲೆ 5 ಲೀಟರ್ ನೀರಿಗೆ ಸುಮಾರು 200 ಮಿ.ಲೀ. ಬಿಳಿ ವಿನೆಗರ್ ಬೆರೆಸಿ ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಸಿ. ನೀಲಿ ಒಡೆಯುವಾಗ ಕೊಳೆತ ಮೊಟ್ಟೆಯ ವಾಸನೆ ತುಸು ಬರಬಹುದು, ಹಾಗಾಗಿ ಗಾಳಿಯಾಡುವ ಜಾಗದಲ್ಲಿ ಮಾಡಿ. ವಿನೆಗರ್ ಸಿಗದೆ ನಿಂಬೆರಸ ಬಳಸಿದರೆ ಮೂರು ನಾಲ್ಕು ನೀರಿನಲ್ಲಿ ಜಾಲಿಸಲೇಬೇಕು. ವಿನೆಗರ್‌ನ ಹುಳಿ ಆವಿಯಾಗಿ ಹೋಗುತ್ತದೆ, ನಿಂಬೆಯ ಹುಳಿ ಹೋಗುವುದಿಲ್ಲ. ನೂಲಿನಲ್ಲಿ ಉಳಿದದ್ದು ಇಸ್ತ್ರಿಯ ಬಿಸಿಗೆ ಹಳದಿಯಾಗುತ್ತದೆ. ಜರಿ ಅಂಚಿನ ಪಂಚೆಯಾದರೆ ಅಂಚನ್ನು ಹುಳಿ ನೀರಿನಿಂದ ಹೊರಗಿಟ್ಟೇ ನೆನೆಸಿ, ಜರಿಯ ಲೋಹ ಕಪ್ಪಾಗುತ್ತದೆ.

ಇನ್ನು ಕ್ಲೋರಿನ್ ಬ್ಲೀಚಿನ ಮಾತು. ದ್ರವ ನೀಲಿಯ ಬಣ್ಣವನ್ನು ಅದು ತೆಗೆಯುತ್ತದೆ, ನಿಜ. ಆದರೆ ಅಲ್ಟ್ರಾಮರೀನಿಗೆ ಅದರಿಂದ ಪ್ರಯೋಜನವಿಲ್ಲ, ಪ್ರಷ್ಯನ್ ನೀಲಿಯನ್ನು ತುಕ್ಕಿನ ಕಲೆಯಾಗಿಸುತ್ತದೆ, ನೀರಿನಲ್ಲಿ ಕಬ್ಬಿಣವಿದ್ದರೆ ಬಟ್ಟೆಯನ್ನೇ ಹಳದಿ ಮಾಡುತ್ತದೆ. ಹತ್ತಿಯ ನೂಲನ್ನೂ ತಿನ್ನುತ್ತದೆ. ಸುಕ್ಕಾಗದಂತೆ ಸಂಸ್ಕರಿಸಿದ ಅಂಗಿಗಳಲ್ಲಿ ಕೆಲವು ಕ್ಲೋರಿನ್ ತಾಗಿದೊಡನೆ ಹಳದಿಗಟ್ಟುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ, ವಿನೆಗರ್ ಅಥವಾ ನಿಂಬೆ ಹಾಕಿದ ಬಟ್ಟೆಗೆ ಬ್ಲೀಚ್ ಮುಟ್ಟಿಸಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಅಪಾಯ.

ಕಂದು ಕಲೆ ಆಗಿಹೋಗಿದ್ದರೆ ಅದನ್ನು ತುಕ್ಕಿನ ಕಲೆ ಎಂದೇ ತಿಳಿದು ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆಯಿರಿ.

ಮಚ್ಚೆಯಾಗದಂತೆ ಅದ್ದುವುದು

ಬಟ್ಟೆಯನ್ನು ಸೋಪು ಪೂರ್ತಿ ಹೋಗುವಂತೆ ಜಾಲಿಸಿ, ಸಮನಾಗಿ ಹಿಂಡಿ, ಮಡಿಕೆ ಬಿಚ್ಚಿ ಪಕ್ಕಕ್ಕಿಡಿ. ಬೇರೊಂದು ಮಗ್ಗಿನ ನೀರಿನಲ್ಲಿ ಬಾಟಲಿಯ ಮೇಲೆ ಹೇಳಿರುವಷ್ಟೇ ಹನಿ ಬಿಟ್ಟು ಕಲಕಿ, ಆ ನೀರನ್ನು ಬಕೆಟಿಗೆ ಸುರಿದು ಕೈಯಿಂದ ತಿರುವಿ. ಪುಡಿಯಾದರೆ ಎರಡು ಪದರದ ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನಲ್ಲಿ ಹಿಂಡಿ. ನಂತರ ಸ್ವಲ್ಪ ನೀರನ್ನು ಅಂಗೈಯಲ್ಲಿ ಎತ್ತಿ ನೋಡಿ. ಅಂಗೈಯ ಗೆರೆಗಳು ಸ್ಪಷ್ಟವಾಗಿ ಕಂಡು, ನೀರಿಗೆ ತಿಳಿ ನೀಲಿಯ ಛಾಯೆ ಮಾತ್ರ ಇರಬೇಕು. ಬಕೆಟಿನ ಆಳದಲ್ಲಿ ನೀರು ಯಾವಾಗಲೂ ಗಾಢವಾಗಿಯೇ ಕಾಣುತ್ತದೆ, ಅದನ್ನು ನೋಡಿ ಅಳೆಯಬಾರದು.

ಬಟ್ಟೆಗಳನ್ನು ಒಂದೊಂದಾಗಿ ಅದ್ದಿ. ಒಳಗೆ ಮುಳುಗಿಸಿ, ಎತ್ತಿ, ಮತ್ತೆ ಮುಳುಗಿಸಿ, ಅರ್ಧ ನಿಮಿಷದೊಳಗೆ ತೆಗೆಯಿರಿ. ಮೊದಲು ಇಳಿದ ಬಟ್ಟೆಯೇ ಹೆಚ್ಚು ನೀಲಿ ಎಳೆದುಕೊಳ್ಳುವುದರಿಂದ ದೊಡ್ಡ ಪಂಚೆಯನ್ನು ಮೊದಲು, ಅಂಗಿಯನ್ನು ಆಮೇಲೆ, ಶಲ್ಯ ಕರವಸ್ತ್ರಗಳನ್ನು ಕೊನೆಗೆ ಹಾಕುವುದು ಒಳ್ಳೆಯದು. ನೀಲಿ ಸಾಲದೆ ಬಂದರೆ ಬಟ್ಟೆಗಳನ್ನೆಲ್ಲ ಹೊರತೆಗೆದ ಮೇಲೆಯೇ ಮಗ್ಗಿನಲ್ಲಿ ಕದಡಿ ಸೇರಿಸಿ. ಪುಡಿ ನೀಲಿಯಲ್ಲಿ ಪ್ರತಿ ಬಟ್ಟೆಗೂ ಮುಂಚೆ ತಳವನ್ನು ಕದಡಬೇಕು. ವಾಷಿಂಗ್ ಮೆಷಿನ್‌ನಲ್ಲಿ ಹಾಕುವವರು ಕೊನೆಯ ಜಾಲಿಸುವಿಕೆಯಲ್ಲಿ, ಡ್ರಮ್ ತಿರುಗುತ್ತಿರುವಾಗ, ಒಂದು ಲೀಟರ್ ನೀರಿಗೆ ಬೆರೆಸಿದ ನೀಲಿಯನ್ನು ನಿಧಾನವಾಗಿ ಸುರಿಯಲಿ.

ಹಿಂಡಿದ ಪಂಚೆಯನ್ನು ಒಂದೇ ಪದರವಾಗಿ ಹರಡಿ, ನೀರು ತೊಟ್ಟಿಕ್ಕುವ ಅಂಚನ್ನು ಐದು ಹತ್ತು ನಿಮಿಷಕ್ಕೊಮ್ಮೆ ಹಿಂಡಿಬಿಟ್ಟರೆ ಪಟ್ಟೆ ಬೀಳದು. ಪ್ರತಿ ಒಗೆತಕ್ಕೂ ನೀಲಿ ಬೇಡ. ಹಳದಿ ಕಣ್ಣಿಗೆ ಬಿದ್ದಾಗ ಹಾಕಿದರೆ ಸಾಕು, ಅದರಲ್ಲೂ ಪುಡಿ ನೀಲಿ ಹೊಲಿಗೆಗಳ ಸಂದಿನಲ್ಲಿ ವರ್ಷಗಟ್ಟಲೆ ಶೇಖರವಾಗುತ್ತದೆ.

ಇದೆಲ್ಲ ಹತ್ತಿಗೆ ಹೇಳಿದ್ದು. ಪಾಲಿಯೆಸ್ಟರ್ ಬೆರೆತ ಅಂಗಿಯಲ್ಲಿ ಹತ್ತಿಯ ಎಳೆ ಮಾತ್ರ ದ್ರವ ನೀಲಿಯನ್ನು ಹಿಡಿಯುವುದರಿಂದ ಎಷ್ಟು ಹಾಕಿದರೂ ಹತ್ತಿಯಷ್ಟು ಬೆಳ್ಳಗಾಗದು. ಇನ್ನಷ್ಟು ಹನಿ ಸೇರಿಸುವ ಆಸೆಗೆ ಬಿದ್ದರೆ ಕಾಲರಿಗೇ ಪೆಟ್ಟು. ರೇಷ್ಮೆ ಪಂಚೆಯನ್ನಂತೂ ದ್ರವ ನೀಲಿಯ ಹತ್ತಿರ ತರಬೇಡಿ. ಹತ್ತಿಯಿಂದ ಒಗೆತಕ್ಕೆ ಬಿಡುವ ಅದೇ ಬಣ್ಣ ರೇಷ್ಮೆಯ ಎಳೆಗೆ ನಿಜವಾದ ಬಣ್ಣದಂತೆ ಕಚ್ಚಿಕೊಳ್ಳುತ್ತದೆ. ಮೇಲೆ ಹೇಳಿದ ಬಿಸಿ ನೀರು, ಸೋಡಾ, ಬ್ಲೀಚ್ ಯಾವುದನ್ನೂ ರೇಷ್ಮೆ ತಾಳದು. ಅಂಥ ಪಂಚೆಯ ಮೇಲೆ ಹನಿ ಬಿದ್ದರೆ ಒಣಗುವ ಮುಂಚೆ ತಣ್ಣೀರಿನ ಧಾರೆಗೆ ಹಿಡಿದು, ಒದ್ದೆಯಾಗಿರುವಾಗಲೇ ರೇಷ್ಮೆ ಒಗೆದು ಅನುಭವವಿರುವವರ ಕೈಗೆ ಒಪ್ಪಿಸಿ, ಬಿದ್ದದ್ದು ಬಟ್ಟೆ ನೀಲಿ ಎಂಬುದನ್ನು ಮರೆಯದೆ ಹೇಳಿ.